ಕ್ಲಿಕ್ಕೇ ಇಲ್ಲದ ಜಾಹೀರಾತಿಗೆ ಲೆಕ್ಕ ಒಪ್ಪಿಸಿದ್ದು: ನನ್ನ ಅನುಭವ

ಇಂಟರ್ನೆಟ್ ಮೂಲಕ ಓಡುವ ಕನೆಕ್ಟೆಡ್ ಟಿವಿಯ ಜಾಹೀರಾತಿಗೆ ಸುರಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ನಾನು ಈ ಕೆಲಸ ಮಾಡಿಕೊಟ್ಟದ್ದು ಸರ್ಚ್ ಮತ್ತು ಸಾಮಾಜಿಕ ಜಾಲತಾಣಗಳ ಜಾಹೀರಾತಿನಲ್ಲೇ ಬೆಳೆದ ಒಂದು ಬ್ರ್ಯಾಂಡ್‌ಗೆ. ಪ್ರತಿ ಆರ್ಡರ್‌ನ ಹಿಂದೆ ಒಂದು ಕ್ಲಿಕ್ ಕಾಣದಿದ್ದರೆ ಅವರ ಹಣಕಾಸು ಮುಖ್ಯಸ್ಥರಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ಅದೇ ಮನುಷ್ಯ ಟಿವಿಯ ಪಾಲನ್ನು ಹತ್ತನೇ ಒಂದರಿಂದ ನಾಲ್ಕನೇ ಒಂದಕ್ಕೆ ಏರಿಸಿದ್ದಾರೆ. ಹೇಗಾಯಿತು ಎಂದು ಕೇಳುವ ಸಹೋದ್ಯೋಗಿಗಳಿಗೆ ಒಂದೇ ಸಲ ಉತ್ತರಿಸಿಬಿಡುತ್ತೇನೆ. ಅಂಕಿಗಳೆಲ್ಲ ನೆನಪಿನಿಂದ ಬರೆದವು, ಹಿಂದೆಮುಂದೆ ಇರಬಹುದು.

ಮೊದಲ ಸುತ್ತು ನಡೆದದ್ದು ಕಂಪನಿಯವರ ಷರತ್ತಿನ ಮೇಲೆ. ಖರೀದಿ ವ್ಯವಸ್ಥೆಗೆ ಗುರಿಯಾಗಿ ಕ್ಲಿಕ್ಕನ್ನೇ ಕೊಡಬೇಕು ಎಂದರು; ಕೊಟ್ಟೆವು. ಎರಡೇ ವಾರದಲ್ಲಿ ಕ್ಲಿಕ್‌ಗಳು ಬಂದವು, ಆರ್ಡರ್ ಬರಲಿಲ್ಲ. ಟಿವಿಯ ಜಾಹೀರಾತಿಗೆ ಕ್ಲಿಕ್ ಎಲ್ಲಿಂದ ಬರಬೇಕು? ಇಂಪ್ರೆಷನ್‌ಗಳ, ಅಂದರೆ ಜಾಹೀರಾತು ಒಂದೊಂದು ಸಲ ಓಡಿದ್ದರ, ಲಾಗ್ ತರಿಸಿಕೊಂಡು ಸಾಧನದ ಕಾಲಂ ನೋಡಿದಾಗ ಗುಟ್ಟು ಹೊರಬಿತ್ತು. ಮೂರರಲ್ಲಿ ಎರಡು ಪಾಲು ಮೊಬೈಲ್ ಮತ್ತು ಟ್ಯಾಬ್ಲೆಟ್‌ನಲ್ಲಿ ಓಡಿದ್ದವು. ಟಿವಿಯಲ್ಲಿ ಓಡಿದ್ದು ಎಂದು ದಾಖಲಾದವುಗಳಲ್ಲೂ ಒಂದಷ್ಟು ಸ್ಕ್ರೀನ್‌ಸೇವರ್ ಆ್ಯಪ್‌ಗಳಿದ್ದವು. ಯಂತ್ರದ ತಪ್ಪೇನೂ ಇಲ್ಲ. ಕ್ಲಿಕ್ ಬೇಕು ಎಂದರೆ ಅದು ಬೆರಳು ತಾಗುವ ಪರದೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಅಂದಿನಿಂದ ಟಿವಿ ಪರದೆ ಬಿಟ್ಟು ಬೇರೆ ಸಾಧನಗಳನ್ನೆಲ್ಲ ಕಡಿದುಹಾಕುತ್ತೇನೆ; ಆ್ಯಪ್‌ಗಳ ಪಟ್ಟಿಯನ್ನು ನಾನೇ ಕೊಡುತ್ತೇನೆ. ಆ್ಯಪ್‌ವಾರು ವರದಿ ಕೊಡಲು ಒಪ್ಪದ ಮಾರಾಟಗಾರರ ಜೊತೆ ಮಾತು ಮುಂದುವರಿಸುವುದಿಲ್ಲ.

ಎರಡನೇ ಸುತ್ತಿನಲ್ಲಿ ಸಮಸ್ಯೆ ತಿರುಗುಮುರುಗಾಯಿತು. ಈ ಸಲ ಫಲಿತಾಂಶ ಅತಿಯಾಗಿ ಚೆನ್ನಾಗಿತ್ತು. ಜಾಹೀರಾತು ಕಂಡ ಮನೆಯ ಐಪಿ ವಿಳಾಸದಿಂದ ಎರಡು ವಾರದೊಳಗೆ ಆರ್ಡರ್ ಬಂದರೆ ಅದು ತನ್ನದೇ ಎಂದು ಬರೆದುಕೊಳ್ಳುವ ವ್ಯೂ-ಥ್ರೂ ಲೆಕ್ಕ ಅದು. ಅದರ ಪ್ರಕಾರ ಹೊಸ ಗ್ರಾಹಕರ ಆರ್ಡರ್‌ಗಳಲ್ಲಿ ಶೇ 40ರಷ್ಟು ಟಿವಿಯ ಕೊಡುಗೆ. ಹಣಕಾಸಿನವರು ನಕ್ಕರು, ನನಗೂ ನಂಬಿಕೆ ಇರಲಿಲ್ಲ. ಹಾಗಾಗಿ ಒಂದು ಸರಳ ಪರೀಕ್ಷೆ ಮಾಡಿದೆ. ಪ್ರತಿ ಮನೆಗೆ ಮೊದಲ ಸಲ ಜಾಹೀರಾತು ಕಂಡ ದಿನ ಲಾಗ್‌ನಲ್ಲಿ ಇರುತ್ತದೆ. ಆ ದಿನದ ನಂತರದ ಎರಡು ವಾರಗಳ ಆರ್ಡರ್‌ಗಳನ್ನು ಎಣಿಸುವಂತೆಯೇ ಹಿಂದಿನ ಎರಡು ವಾರಗಳದ್ದನ್ನೂ ಎಣಿಸಿದೆ. ನಂತರ ಹತ್ತು ಸಾವಿರ ಮನೆಗೆ ಹತ್ತು ಆರ್ಡರ್ ಇದ್ದರೆ, ಮೊದಲು ಎಂಟು ಇದ್ದವು. ಇನ್ನೂ ಕಾಣದ ಜಾಹೀರಾತಿನಿಂದ ಯಾರೂ ಕೊಳ್ಳುವುದಿಲ್ಲ. ಅಂದರೆ ಡ್ಯಾಶ್‌ಬೋರ್ಡ್ ತನ್ನದೆಂದು ತೋರಿಸಿದ ಹತ್ತರಲ್ಲಿ ಎಂಟು ಹೇಗಿದ್ದರೂ ಬರುತ್ತಿದ್ದವು. ಆ ಅವಧಿಯಲ್ಲಿ ರಿಯಾಯಿತಿ ಮಾರಾಟವೋ ಹಬ್ಬವೋ ಬಂದರೆ ಈ ಲೆಕ್ಕ ಕೆಡುತ್ತದೆ, ಆದ್ದರಿಂದ ಇದನ್ನು ಸಾಕ್ಷಿ ಎನ್ನುವುದಿಲ್ಲ. ಅನುಮಾನ ನಿಜವೋ ಸುಳ್ಳೋ ಎಂದು ಒಂದೇ ಮಧ್ಯಾಹ್ನದಲ್ಲಿ ತಿಳಿಯಲು ಇಷ್ಟು ಸಾಕು.

ಶೇ 95 ಜನ ಜಾಹೀರಾತನ್ನು ಕೊನೆಯವರೆಗೆ ನೋಡಿದರು ಎಂದು ತೋರಿಸಲು ಬರುವವರ ಬಗ್ಗೆಯೂ ಒಂದು ಮಾತು. ದಾಟಿಸಿ ಹೋಗಲು ಬಾರದ ಜಾಹೀರಾತು ಕೊನೆಯವರೆಗೆ ಓಡದೆ ಇನ್ನೇನು ಮಾಡೀತು? 2022ರಲ್ಲಿ ಜಾಹೀರಾತು ಖರೀದಿ ಸಂಸ್ಥೆ ಗ್ರೂಪ್‌ಎಂ ಮತ್ತು ಟಿವಿ ಜಾಹೀರಾತು ಅಳೆಯುವ ಕಂಪನಿ ಐಸ್ಪಾಟ್ ಅಮೆರಿಕದಲ್ಲಿ ಅಳೆದು ನೋಡಿದಾಗ, ಸ್ಟ್ರೀಮಿಂಗ್ ಸಾಧನ ಜೋಡಿಸಿದ ಟಿವಿಗಳಲ್ಲಿ ಸುಮಾರು ಶೇ 17ರಷ್ಟು ಜಾಹೀರಾತುಗಳು ಟಿವಿ ಆರಿದ ಮೇಲೆ ಓಡಿದ್ದವು. ಟಿವಿ ಆರಿಸಿದರೂ ಅದಕ್ಕೆ ಚುಚ್ಚಿದ ಸಾಧನ ಎಚ್ಚರವಾಗಿಯೇ ಇರುತ್ತದೆ. ಆ ಇಂಪ್ರೆಷನ್‌ಗಳೂ ‘ಪೂರ್ತಿ ನೋಡಿದ್ದು’ ಎಂಬ ಲೆಕ್ಕಕ್ಕೇ ಸೇರುತ್ತವೆ.

ಕೈ ಹಿಡಿದದ್ದು ಮೂರನೇ ಸುತ್ತು, ಪ್ರದೇಶಗಳನ್ನು ಎರಡು ಗುಂಪು ಮಾಡಿ ಒಂದರಲ್ಲಿ ಮಾತ್ರ ಜಾಹೀರಾತು ಓಡಿಸುವ ವಿಧಾನ. ಹೊಸದೇನೂ ಅಲ್ಲ, ಎಲ್ಲರಿಗೂ ಗೊತ್ತು. ಆದರೆ ಮಾಡುವವರು ಕಡಿಮೆ, ಸರಿಯಾಗಿ ಮಾಡುವವರು ಇನ್ನೂ ಕಡಿಮೆ. ಹಿಂದಿನ ಮಾರಾಟ ಒಂದೇ ರೀತಿ ಏರಿಳಿದ ಪ್ರದೇಶಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಿಂದ ಒಂದನ್ನು ಚೀಟಿ ಎತ್ತಿ ಆರಿಸಿದೆ. ಜೋಡಿ ಮಾಡುವಾಗ ಮಾರಾಟದ ಜೊತೆಗೆ ಇನ್ನೊಂದು ಅಂಶವನ್ನೂ ನೋಡುತ್ತೇನೆ. ಅದೇನೆಂದು ಇಲ್ಲಿ ಹೇಳುವುದಿಲ್ಲ, ನನ್ನ ಹೊಟ್ಟೆಪಾಡು ಅದರ ಮೇಲೆ ನಿಂತಿದೆ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಹಿಂದಿನ ಮೂರು ತಿಂಗಳ ಅಂಕಿ ತೆಗೆದು ಎರಡೂ ಗುಂಪುಗಳ ವಾರವಾರದ ಅನುಪಾತ ನೋಡಿದೆ. ಜಾಹೀರಾತು ಓಡಿಸಲಿರುವ ಗುಂಪಿನಲ್ಲಿ ವಾರಕ್ಕೆ ಹೊಸ ಗ್ರಾಹಕರ ಸುಮಾರು 2000 ಆರ್ಡರ್, ಇನ್ನೊಂದರಲ್ಲಿ 1900. ಅನುಪಾತ 1.05. ಏನೂ ಮಾಡದಿದ್ದರೂ ಅದು ಶೇ 3ರಷ್ಟು ಆಚೀಚೆ ಆಗುತ್ತಿತ್ತು. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಮೂರು ಎಂಬ ಅಂಕಿಗೆ. ಜಾಹೀರಾತಿನಿಂದ ಶೇ 2ರಷ್ಟು ಮಾತ್ರ ಏರಿಕೆ ಬರುವಷ್ಟು ತೆಳುವಾಗಿ ಹಣ ಹರಡಿದರೆ, ಆ ಏರಿಕೆ ಸಹಜ ಏರಿಳಿತದೊಳಗೇ ಮುಚ್ಚಿಹೋಗುತ್ತದೆ. ಆಮೇಲೆ ‘ಟಿವಿ ಕೆಲಸ ಮಾಡಲಿಲ್ಲ’ ಎಂಬ ತೀರ್ಪು ಬರುತ್ತದೆ. ಆದ್ದರಿಂದ ಇಡೀ ಮಾರುಕಟ್ಟೆಗೆಂದು ಇಟ್ಟಿದ್ದ ಹಣವನ್ನು ಆರಿಸಿದ ಪ್ರದೇಶಗಳಲ್ಲೇ ಸುರಿಯಬೇಕು ಎಂದು ಹಟ ಹಿಡಿದೆ. ಒಂದು ಮನೆಗೆ ವಾರಕ್ಕೆ ಮೂರು ನಾಲ್ಕು ಸಲ ಕಂಡರೆ ಸಾಕು ಎಂದು ಲೆಕ್ಕ ಹಾಕಿದೆ. ಮಿತಿಯನ್ನು ಆ್ಯಪ್‌ಗೊಂದರಂತೆ ಹಾಕಿದರೆ ಒಂದೇ ಮನೆಗೆ ನಾಲ್ಕು ಆ್ಯಪ್‌ಗಳಲ್ಲಿ ನಾಲ್ಕು ಪಟ್ಟು ಕಾಣುತ್ತದೆ. ಹಾಗಾಗಿ ಖರೀದಿಯನ್ನೆಲ್ಲ ಒಂದೇ ವ್ಯವಸ್ಥೆಯಿಂದ ಮಾಡಿ ಮನೆಯ ಮಟ್ಟದಲ್ಲೇ ಮಿತಿ ಹಾಕಿದೆ.

ಇನ್ನೊಂದು ಎಚ್ಚರಿಕೆ. ಆರ್ಡರ್ ಯಾವ ಪ್ರದೇಶದ್ದು ಎಂಬುದನ್ನು ವೆಬ್‌ಸೈಟಿನ ಅನಾಲಿಟಿಕ್ಸ್‌ನಿಂದ ತೆಗೆದುಕೊಳ್ಳಲಿಲ್ಲ. ಮೊಬೈಲ್ ಜಾಲದಲ್ಲಿ ಸಾವಿರಾರು ಜನ ಒಂದೇ ಐಪಿ ವಿಳಾಸ ಹಂಚಿಕೊಳ್ಳುತ್ತಾರೆ, ಅದರ ಊರು ಎಷ್ಟೋ ದೂರದ್ದಾಗಿ ತೋರುತ್ತದೆ. ಸರಕು ತಲುಪಿಸುವ ವಿಳಾಸ ಸುಳ್ಳು ಹೇಳುವುದಿಲ್ಲ. ಟಿವಿಯವರೂ ಐಪಿ ನೋಡಿಯೇ ಪ್ರದೇಶ ತಿಳಿಯುವುದರಿಂದ ಗಡಿಗಳಲ್ಲಿ ಜಾಹೀರಾತು ಸೋರುತ್ತದೆ. ದೊಡ್ಡ ಪ್ರದೇಶಗಳನ್ನು ಆರಿಸಿ, ಅಂಚಿನ ಪಟ್ಟಿಯನ್ನು ಲೆಕ್ಕದಿಂದಲೇ ಬಿಟ್ಟೆ.

ಸುಮಾರು ಒಂದೂವರೆ ತಿಂಗಳು ಓಡಿಸಿದೆವು. ಜಾಹೀರಾತಿಲ್ಲದ ಗುಂಪಿನಲ್ಲಿ ವಾರಕ್ಕೆ ಸರಾಸರಿ 1950 ಆರ್ಡರ್ ಬಂದವು. ಹಳೆಯ ಅನುಪಾತದ ಪ್ರಕಾರ ಇನ್ನೊಂದರಲ್ಲಿ 2050 ಬರಬೇಕಿತ್ತು, ಬಂದದ್ದು 2230. ವಾರಕ್ಕೆ 180 ಹೆಚ್ಚು, ಅಂದರೆ ಶೇ 9ರಷ್ಟು. ಸಹಜ ಏರಿಳಿತದ ಮೂರು ಪಟ್ಟು. ಅದೇ ವಾರಗಳಲ್ಲಿ ಡ್ಯಾಶ್‌ಬೋರ್ಡ್ ತನ್ನದೆಂದು ಹೇಳಿಕೊಂಡದ್ದು ವಾರಕ್ಕೆ 900. ಆರ್ಡರ್‌ಗೆ ಮುಂಚಿನ ಕೊನೆಯ ಕ್ಲಿಕ್‌ಗೇ ಶ್ರೇಯವೆಲ್ಲ ಕೊಡುವ ಲಾಸ್ಟ್ ಕ್ಲಿಕ್ ವರದಿಯಲ್ಲಿ ಟಿವಿಯ ಹೆಸರಿಗೆ ಬಿದ್ದದ್ದು ಹತ್ತು, ಅದೂ ಪರದೆಯ ಮೂಲೆಯಲ್ಲಿದ್ದ ಕ್ಯೂಆರ್ ಕೋಡ್‌ನಿಂದ. ಒಂಬೈನೂರೂ ಸುಳ್ಳು, ಹತ್ತೂ ಸುಳ್ಳು. 900ರಲ್ಲಿ ಐದನೇ ಒಂದು ಪಾಲು ಮಾತ್ರ ನಿಜ ಎಂದು ಹಿಂದುಮುಂದಿನ ಎರಡು ವಾರಗಳ ಪರೀಕ್ಷೆ ಮೊದಲೇ ಹೇಳಿತ್ತಲ್ಲ? ಎರಡು ಬೇರೆ ಬೇರೆ ದಾರಿಗಳು ಒಂದೇ ಕಡೆ ಬಂದು ಸೇರಿದಾಗ ಸಭೆಯಲ್ಲಿ ನಾನು ಸ್ವಲ್ಪ ಬೀಗಿದ್ದು ನಿಜ.

ಹಾಗಾದರೆ ಆ 180 ಆರ್ಡರ್‌ಗಳು ಲಾಸ್ಟ್ ಕ್ಲಿಕ್ ವರದಿಯಲ್ಲಿ ಎಲ್ಲಿ ಅಡಗಿದ್ದವು? ಜಾಹೀರಾತು ಓಡಿದ ಪ್ರದೇಶಗಳಲ್ಲಿ ಬ್ರ್ಯಾಂಡಿನ ಹೆಸರನ್ನೇ ಟೈಪ್ ಮಾಡಿ ಹುಡುಕಿದವರು ಐದನೇ ಒಂದರಷ್ಟು ಹೆಚ್ಚಿದ್ದರು. ಇನ್ನೊಂದು ಗುಂಪಿನಲ್ಲಿ ಬದಲಾವಣೆಯೇ ಇಲ್ಲ. ದುಡಿದದ್ದು ಟಿವಿ, ಹೆಸರು ಬಂದದ್ದು ಬ್ರ್ಯಾಂಡ್ ಸರ್ಚ್‌ಗೆ.

ಇನ್ನು ಹಣ. ಸಾಮಾನ್ಯ ಪದಗಳ ಸರ್ಚ್‌ನಲ್ಲಿ ಒಬ್ಬ ಹೊಸ ಗ್ರಾಹಕನಿಗೆ ಆಗುವ ಖರ್ಚನ್ನು ಒಂದು ಎಂದು ಹಿಡಿದರೆ, ಟಿವಿಯಲ್ಲಿ ಅದು 1.4 ಆಯಿತು. ದುಬಾರಿ ಎಂದು ಕಡತ ಮುಚ್ಚಲು ಹೊರಟಿದ್ದರು. ನಿಲ್ಲಿಸಿದ ಮೇಲೂ ಮೂರು ವಾರ ಎಣಿಸೋಣ ಎಂದೆ. ಜಾಹೀರಾತು ನಿಂತ ಮೇಲೂ ಆ ಪ್ರದೇಶಗಳು ಮೇಲೆಯೇ ಇದ್ದು ನಿಧಾನವಾಗಿ ಇಳಿದವು, ಇನ್ನೊಂದು 250 ಆರ್ಡರ್ ಸೇರಿದವು. ಖರ್ಚು 1.1ರ ಹತ್ತಿರ ಬಂದು ನಿಂತಿತು. ಕ್ಲಿಕ್‌ಗೆ ಒಗ್ಗಿದವರು ಜಾಹೀರಾತು ನಿಂತ ದಿನವೇ ಲೆಕ್ಕ ಮುಗಿಸುತ್ತಾರೆ. ಟಿವಿಯ ವಿಷಯದಲ್ಲಿ ಹಾಗೆ ಮಾಡಿದರೆ ನಷ್ಟವೇ ಕಾಣುತ್ತದೆ.

ಈ ಹುರುಪಿನಲ್ಲಿ ಸ್ಟ್ರೀಮಿಂಗ್ ಆಡಿಯೊವನ್ನೂ ಕೈಗೆತ್ತಿಕೊಂಡೆ. ಅಲ್ಲಿ ಪ್ರಚಾರ ಕೋಡ್ ಕೊಟ್ಟರೆ ಎಣಿಕೆ ಸಲೀಸು ಎಂದು ಎಲ್ಲರೂ ಹೇಳುತ್ತಾರೆ. ಮೊದಲ ವಾರ ಹಾಗೇ ಇತ್ತು. ಆಮೇಲೆ ಆಡಿಯೊ ಓಡದ ಪ್ರದೇಶಗಳಿಂದಲೂ ಅದೇ ಕೋಡ್ ಬರತೊಡಗಿತು. ಕೂಪನ್ ತಾಣಗಳಿಗೆ ಸೋರಿಹೋಗಿತ್ತು. ರಿಯಾಯಿತಿಯ ಹಣ ಹೋಯಿತು, ಎಣಿಕೆಯೂ ಕೆಟ್ಟಿತು. ಜೊತೆಗೆ ಕೊಡುವ ಬ್ಯಾನರ್‌ನ ಕ್ಲಿಕ್‌ಗಳನ್ನಂತೂ ನಾನು ನೋಡುವುದೇ ಇಲ್ಲ; ಕೇಳುಗನ ಫೋನ್ ಜೇಬಿನಲ್ಲಿರುತ್ತದೆ. ಕೋಡ್ ಬಿಟ್ಟು, ಆರ್ಡರ್ ಮುಗಿದ ಪುಟದಲ್ಲಿ ‘ನಮ್ಮ ಬಗ್ಗೆ ಎಲ್ಲಿ ಕೇಳಿದಿರಿ’ ಎಂದು ಕೇಳಿದೆ. ಆಡಿಯೊ ಓಡದ ಕಡೆಯೂ ನೂರಕ್ಕೆ ಮೂರು ಮಂದಿ ‘ಆಡಿಯೊದಲ್ಲಿ’ ಎಂದು ಒತ್ತಿದರು, ಓಡಿದ ಕಡೆ ಏಳು. ಆ ಮೂರನ್ನು ಕಳೆದು ಉಳಿದ ನಾಲ್ಕನ್ನು ಮಾತ್ರ ನಂಬುತ್ತೇನೆ. ಬ್ರ್ಯಾಂಡಿನ ಹೆಸರನ್ನು ಮೊದಲ ಐದು ಸೆಕೆಂಡಿನೊಳಗೆ ಹೇಳಿದ ಧ್ವನಿಮುದ್ರಣ, ಕೊನೆಗೆ ಹೇಳಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಎಷ್ಟು ಎಂದು ಖಚಿತವಾಗಿ ಹೇಳುವಷ್ಟು ದೊಡ್ಡ ಪ್ರಯೋಗ ಅದಾಗಿರಲಿಲ್ಲ.

ವಾರಕ್ಕೆ ಕೆಲವೇ ನೂರು ಆರ್ಡರ್ ಇರುವ ಬ್ರ್ಯಾಂಡ್‌ಗೆ ಈ ಪ್ರಯೋಗ ಒಗ್ಗುವುದಿಲ್ಲ. ಏರಿಳಿತವೇ ಶೇ 10, 15 ಇರುತ್ತದೆ. ಅಂಥವರಿಗೆ ಆರ್ಡರ್ ಬದಲು ಬ್ರ್ಯಾಂಡ್ ಹೆಸರಿನ ಹುಡುಕಾಟವನ್ನೇ ಅಳೆಯಿರಿ ಎನ್ನುತ್ತೇನೆ. ಸಂಖ್ಯೆ ದೊಡ್ಡದಿರುವುದರಿಂದ ಬದಲಾವಣೆ ಬೇಗ ಕಾಣುತ್ತದೆ. ಆದರೆ ಹುಡುಕಿದವರೆಲ್ಲ ಕೊಳ್ಳುವುದಿಲ್ಲ ಎಂಬುದನ್ನು ಒಪ್ಪಂದ ಮಾಡುವಾಗಲೇ ಬರೆದಿಡುತ್ತೇನೆ.

ಹಣಕಾಸು ಮುಖ್ಯಸ್ಥರಿಗೆ ಈಗ ಈ ಆಟದ ರುಚಿ ಹತ್ತಿದೆ. ಬ್ರ್ಯಾಂಡ್ ಸರ್ಚ್ ಜಾಹೀರಾತನ್ನೂ ಕೆಲವು ಪ್ರದೇಶಗಳಲ್ಲಿ ನಿಲ್ಲಿಸಿ ನೋಡೋಣ ಎಂದು ಅವರೇ ಕೇಳಿದರು. ನಿಲ್ಲಿಸಿದೆವು. ಅದರ ಹೆಸರಿಗೆ ಬೀಳುತ್ತಿದ್ದ ಆರ್ಡರ್‌ಗಳಲ್ಲಿ ಮುಕ್ಕಾಲು ಪಾಲು, ಹಣ ಕೊಡದೆ ಕಾಣುವ ಸರ್ಚ್ ಫಲಿತಾಂಶಗಳ ಮೂಲಕವೇ ಬಂದವು. ಒಂದೆರಡು ಪ್ರದೇಶಗಳಲ್ಲಿ ಮಾತ್ರ ಪ್ರತಿಸ್ಪರ್ಧಿಯೊಬ್ಬ ನಮ್ಮ ಹೆಸರಿನ ಮೇಲೆ ಬಿಡ್ ಹಾಕಲು ಶುರು ಮಾಡಿದ. ಅಲ್ಲಿ ಮರುದಿನವೇ ಮತ್ತೆ ಆರಂಭಿಸಬೇಕಾಯಿತು. ಉಳಿದ ಕಡೆ ಉಳಿದ ಹಣ ಈಗ ಟಿವಿಗೆ ಹೋಗುತ್ತಿದೆ.