ಮಕ್ಕಳ ಕಥೆಗೆ ಹೆಸರು ಕಟ್ಟುವಾಗ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ

ಕಥೆಯ ಪಾತ್ರಕ್ಕೆ ಎರಡು ಪದದ ಹೆಸರಿಡುತ್ತಿದ್ದರೆ, ಎರಡೂ ಒಂದೇ ಸದ್ದಿನಿಂದ ಶುರುವಾಗಲಿ, ಮಾತ್ರೆಗಳೂ ಸಮ ಇರಲಿ. 'ಹಠಮಾರಿ ಮೊಸಳೆ' ಅಂದರೆ ಐದು ಮಾತ್ರೆ, ಆಮೇಲೆ ಮೂರು. ಹೇಳುವಾಗ ಕುಂಟುತ್ತದೆ. 'ಮೊಂಡ ಮೊಸಳೆ' ಅನ್ನಿ: ಮೊಂ ಎರಡು, ಡ ಒಂದು; ಮೊ-ಸ-ಳೆ ಒಂದೊಂದು. ಮೂರಕ್ಕೆ ಮೂರು. ಮೊದಲ ಸದ್ದು ಮುಂದಿನ ಪದವನ್ನು ಎಳೆದು ತರುತ್ತದೆ, ಲಯ ಅದರ ಉದ್ದ ಹೇಳಿಕೊಡುತ್ತದೆ. ಹಾಗಾಗಿ ಮಗು ಅರ್ಧ ಮರೆತರೂ ಬೇರೆ ಪದ ಅಲ್ಲಿ ಕೂರುವುದಿಲ್ಲ. ಶುರುವಿನ ಸದ್ದು ಹೊಂದದಿದ್ದರೆ ಕೊನೆಯನ್ನು ಹೊಂದಿಸಿ. ಕಾಗಕ್ಕ-ಗುಬ್ಬಕ್ಕ ಜೋಡಿ ಹೀಗೇ ಅಲ್ವಾ? ಐದೈದು ಮಾತ್ರೆ, ಕೊನೆಗೆ ಒಂದೇ 'ಅಕ್ಕ'. (ನನಗಂತೂ ಇದಕ್ಕಿಂತ ಅಚ್ಚುಕಟ್ಟಾದ ಜೋಡಿ ಗೊತ್ತಿಲ್ಲ.) ಆದರೆ ಒಂದೇ ಕಥೆಯಲ್ಲಿ ಮೊಂಡ ಮೊಸಳೆ, ಮಂಕು ಮಂಗ, ಮುದ್ದು ಮೊಲ ಎಲ್ಲ ಬಂದರೆ ಮಕ್ಕಳಿಗೆ ಯಾರು ಯಾರೆಂದು ಗೊಂದಲ, ಒಂದು ಅಕ್ಷರಕ್ಕೆ ಒಂದು ಪಾತ್ರ ಸಾಕು. ರ, ಲ, ಳ ಜಾಸ್ತಿ ಸೇರಿದರೆ ಹೆಸರು ನಾಲಿಗೆ ತಿರುಚುವ ಆಟವಾಗಿಬಿಡುತ್ತದೆ. ನಿಜವಾಗಿ ಹೆದರಿಸಬೇಕಾದ ಭೂತಕ್ಕೆ ಮಾತ್ರ ಪ್ರಾಸ ಬೇಡ, ಮಕ್ಕಳು ಕೇಳಿದ ಕೂಡಲೇ ನಗುತ್ತಾರೆ.