ಗ್ಯಾಸ್ ವಾಸನೆ ಬಂದ ಕೂಡಲೇ ನಾನು ಮಾಡಿದ್ದು, ಆಮೇಲೆ ಲೀಕ್ ಹುಡುಕಿದ್ದು

ಸಿಲಿಂಡರಿನ ಅಡುಗೆ ಗ್ಯಾಸ್ ಲೀಕ್ ಆದರೆ ವಾಸನೆ ಮೊದಲು ಸಿಗುವುದು ನೆಲದ ಹತ್ತಿರ. ಈ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹಾಗಾಗಿ ಕೆಳಗಿಳಿದು, ಮೂಲೆಯಲ್ಲಿ, ಕಟ್ಟೆಯ ಕೆಳಗಿನ ಕಪಾಟಿನಲ್ಲಿ ನಿಂತುಬಿಡುತ್ತದೆ. ಒಲೆಯ ಹತ್ತಿರ ಮೂಗು ಇಟ್ಟು "ಏನೂ ಇಲ್ಲ" ಅನ್ನುವವರು ಜಾಸ್ತಿ, ಆದರೆ ಅಲ್ಲಿ ವಾಸನೆ ಇಲ್ಲ ಅಂದ ಮಾತ್ರಕ್ಕೆ ಲೀಕ್ ಇಲ್ಲ ಅಂತ ಅಲ್ಲ.

ನಮ್ಮ ಮನೆಯಲ್ಲಿ ಆಗಿದ್ದೂ ಹೀಗೇ. ಸಂಜೆ ಹೊಸ ಸಿಲಿಂಡರ್ ಜೋಡಿಸಿ ಅಡುಗೆ ಮುಗಿಸಿದ್ದೆ. ಬರ್ನರ್ ಆರಿತ್ತು, ರೆಗ್ಯುಲೇಟರ್ ಇನ್ನೂ ಆನ್ ಇತ್ತು. ಪಾತ್ರೆ ತೆಗೆಯಲು ಕೆಳಗಿನ ಕಪಾಟಿಗೆ ಬಗ್ಗಿದಾಗ ಆ ಕೊಳೆತಂಥ ವಾಸನೆ ಬಂತು. ಎದ್ದು ನಿಂತರೆ ಇಲ್ಲ, ಬಗ್ಗಿದರೆ ಇದೆ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಲೀಕ್ ಗೊತ್ತಾಗಲಿ ಅಂತಲೇ ಅದನ್ನು ಬೆರೆಸಿರುತ್ತಾರೆ. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಕೈ ಮೊದಲು ಹೋಗಿದ್ದು ರೆಗ್ಯುಲೇಟರಿಗೆ. ಅದರ ನಾಬ್ ಆಫ್ ಮಾಡಿದೆ, ಒಲೆಯ ನಾಬ್‌ಗಳು ಪೂರ್ತಿ ತಿರುಗಿವೆಯಾ ಅಂತ ಮುಟ್ಟಿ ನೋಡಿದೆ. ಅಷ್ಟರಲ್ಲಿ ಮಗಳು ಬಾಗಿಲಿಗೆ ಬಂದು "ಲೈಟ್ ಆಫ್ ಮಾಡ್ಲಾ ಅಮ್ಮಾ?" ಅಂದಳು. "ಬೇಡ ಪುಟ್ಟಾ, ಯಾವ ಸ್ವಿಚ್ಚನ್ನೂ ಮುಟ್ಟಬೇಡ, ಹೊರಗೆ ಹೋಗು" ಅಂದೆ. ಸ್ವಿಚ್ ಹಾಕಿದಾಗ ಮಾತ್ರ ಅಲ್ಲ, ಆರಿಸಿದಾಗಲೂ ಒಳಗೆ ಸಣ್ಣ ಕಿಡಿ ಹಾರುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2ರಷ್ಟು ಗ್ಯಾಸ್ ಬೆರೆತಿದ್ದರೂ ಹೊತ್ತಿಕೊಳ್ಳಲು ಆ ಕಿಡಿ ಸಾಕು. ಉರಿಯುತ್ತಿದ್ದ ಲೈಟ್ ಹಾಗೇ ಉರಿಯಲಿ ಅಂತ ಬಿಟ್ಟೆ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗ್ಯಾಸ್ ಹೊರಗೆ ಹೋಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅದು ಸಹಜ, ಆದರೆ ದಯವಿಟ್ಟು ಹಾಕಬೇಡಿ. ಅದರ ಸ್ವಿಚ್ಚೂ ಕಿಡಿಯೇ, ಮೋಟಾರೂ ಕಿಡಿಯೇ.

ಆಮೇಲೆ ಹೊರಗೆ ತೆರೆಯುವ ಬಾಗಿಲನ್ನು ಪೂರ್ತಿ ತೆರೆದೆ. ಕಿಟಕಿ ತೆರೆಯುವುದೂ ಒಳ್ಳೆಯದೇ, ಆದರೆ ಅಡುಗೆಮನೆ ಕಿಟಕಿ ಕಟ್ಟೆಗಿಂತ ಮೇಲಿರುತ್ತದೆ, ಗ್ಯಾಸ್ ಇರುವುದು ಕೆಳಗೆ, ಅಲ್ವಾ? ನೆಲದವರೆಗೆ ತೆರೆದುಕೊಳ್ಳುವ ಬಾಗಿಲೇ ನಿಜವಾದ ದಾರಿ. ಕೆಳಗಿನ ಕಪಾಟುಗಳನ್ನೂ ತೆರೆದಿಟ್ಟೆ. ಬೇರೆ ಕೋಣೆಯಲ್ಲಿ ದೀಪ, ಊದುಬತ್ತಿ ಏನಾದರೂ ಉರಿಯುತ್ತಿದೆಯಾ ಅಂತ ನೋಡಿಕೊಂಡೆ. ನಮ್ಮ ಮೇನ್ ಸ್ವಿಚ್ ಮನೆಯ ಹೊರಗೆ, ಅಡುಗೆಮನೆಯಿಂದ ದೂರ ಇದೆ. ಅದನ್ನು ಅಲ್ಲಿಂದಲೇ ಆರಿಸಿದೆ, ಯಾಕೆಂದರೆ ಫ್ರಿಜ್ ತಾನಾಗಿಯೇ ಆನ್ ಆಗಿ ಆಫ್ ಆಗುತ್ತಿರುತ್ತದೆ, ಅದೂ ಕಿಡಿಯೇ. ಮೇನ್ ಸ್ವಿಚ್ ಒಳಗೇ ಇದ್ದರೆ ಅದನ್ನು ಮುಟ್ಟದೇ ಹೊರಗೆ ಹೋಗಬೇಕು. ಫ್ರಿಜ್ಜಿನ ಪ್ಲಗ್ ಎಳೆಯಲೂಬಾರದು.

ಫೋನ್ ಮಾಡಿದ್ದು ಹೊರಗೆ ದೂರ ನಿಂತು, ಗ್ಯಾಸ್ ಕೊಡುವವರ ತುರ್ತು ಸಂಖ್ಯೆಗೆ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿದೆ: "ಸ್ವಲ್ಪ ಹೊತ್ತು ನಮ್ಮ ಕಾಲಿಂಗ್ ಬೆಲ್ ಒತ್ತಬೇಡಿ." ಬ್ಯಾಟರಿ ಬೆಲ್ ಆದರೆ ಮೇನ್ ಆರಿಸಿದ್ದರೂ ಕೆಲಸ ಮಾಡುತ್ತದೆ, ಇದು ತುಂಬ ಜನರ ತಲೆಗೆ ಹೋಗುವುದೇ ಇಲ್ಲ.

ವಾಸನೆ ಸಣ್ಣದಿತ್ತು, ರೆಗ್ಯುಲೇಟರ್ ಆಫ್ ಆದ ಮೇಲೆ ಹೆಚ್ಚಲಿಲ್ಲ, ಹಾಗಾಗಿ ನಾನು ಮತ್ತೆ ಒಳಗೆ ಹೋದೆ. ಸುಯ್ಯೆಂಬ ಸದ್ದು ನಿಲ್ಲದಿದ್ದರೆ, ವಾಲ್ವ್ ಸುತ್ತ ಬಿಳಿ ಮಂಜಿನಂಥದ್ದು ಕಂಡರೆ, ಅಥವಾ ಬೆಂಕಿ ಹೊತ್ತಿದ್ದರೆ ಹೋಗುತ್ತಿರಲಿಲ್ಲ. ಆಗ ಎಲ್ಲರನ್ನೂ ಕರೆದುಕೊಂಡು ದೂರ ಹೋಗಿ ಅಗ್ನಿಶಾಮಕದವರನ್ನು ಕರೆಯುವುದಷ್ಟೇ ನಮ್ಮ ಕೆಲಸ. ಒಂದು ವಿಷಯ ನೆನಪಿರಲಿ: ಮೂಗು ಬೇಗ ಸೋಲುತ್ತದೆ. ಒಂದಷ್ಟು ಹೊತ್ತು ಅದೇ ವಾಸನೆಯಲ್ಲಿ ಇದ್ದರೆ ಗೊತ್ತಾಗುವುದೇ ನಿಲ್ಲುತ್ತದೆ. ಅದಕ್ಕೇ ಹೊರಗಿನ ಗಾಳಿಯಲ್ಲಿದ್ದು ಬಂದವರ ಮೂಗನ್ನು ನಂಬಬೇಕು, ಹಾಗಾಗಿಯೇ ನಾನು ಯಜಮಾನರನ್ನು ಕರೆದು ಬಾಗಿಲಲ್ಲಿ ಬಗ್ಗಿ ನೋಡಲು ಹೇಳಿದ್ದು.

ಅವರು "ಈಗಿಲ್ಲ" ಅಂದ ಮೇಲೆ ರೆಗ್ಯುಲೇಟರ್ ತೆಗೆದು, ವಾಲ್ವ್ ಬಾಯಿಗೆ ದಾರ ಕಟ್ಟಿದ ಬಿಳಿ ಮುಚ್ಚಳವನ್ನು ಟಕ್ ಅನ್ನುವವರೆಗೆ ಒತ್ತಿದೆ. ಈ ಮುಚ್ಚಳವನ್ನು ಎಸೆಯಬಾರದು, ವಾಲ್ವ್ ಕೆಟ್ಟು ಗ್ಯಾಸ್ ಬರುತ್ತಿದ್ದರೂ ಅದನ್ನು ತಡೆಯುವುದು ಇದೇ. ಸಿಲಿಂಡರನ್ನು ನೆಟ್ಟಗೇ ಹಿಡಿದು ಬಯಲಿಗೆ ಸಾಗಿಸಿದೆವು. ಮಲಗಿಸಿದರೆ ಆವಿಯ ಬದಲು ದ್ರವವೇ ಹೊರಗೆ ಬರುತ್ತದೆ, ಅದು ಆವಿಯಾದರೆ ಸುಮಾರು 250 ಪಟ್ಟು ಹಿಗ್ಗುತ್ತದೆ.

ಲೀಕ್ ಎಲ್ಲಿ ಅಂತ ಹುಡುಕಿದ್ದು ಮರುದಿನ ಬೆಳಕಿನಲ್ಲಿ, ಒಲೆ, ಪೈಪ್ ಎಲ್ಲ ಹೊರಗೆ ತಂದು. ಒಂದು ಬಟ್ಟಲು ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕಲಸಿ, ನೊರೆ ಇಳಿಯುವವರೆಗೆ ಬಿಟ್ಟೆ. ನೊರೆ ಹಾಗೇ ಹಚ್ಚಿದರೆ ಹಳೆ ಗುಳ್ಳೆ ಯಾವುದು, ಹೊಸದು ಯಾವುದು ಗೊತ್ತಾಗುವುದಿಲ್ಲ. ಬೆಂಕಿಕಡ್ಡಿ ಗೀರಿ ನೋಡುವುದಂತೂ ಕನಸಿನಲ್ಲೂ ಬೇಡ.

ಮೊದಲು ಮುಚ್ಚಳ ತೆಗೆದು ವಾಲ್ವ್ ಬಾಯಿಗೆ ನಾಲ್ಕು ಹನಿ ಬಿಟ್ಟೆ. ಗುಳ್ಳೆ ಏಳಲಿಲ್ಲ, ಅಂದರೆ ಒಳಗಿನ ಪಿನ್ ಸರಿಯಾಗಿ ಮುಚ್ಚಿಕೊಂಡಿದೆ. ನೀರು ಒರೆಸಿ ರೆಗ್ಯುಲೇಟರ್ ಕೂರಿಸಿದೆ, ನಾಬ್ ಆಫ್ ಇಟ್ಟು ಸುತ್ತ ಸೋಪಿನ ನೀರು ಹಚ್ಚಿದೆ, ಏನಿಲ್ಲ. ಒಲೆಯ ನಾಬ್‌ಗಳು ಮುಚ್ಚಿದ್ದಂತೆಯೇ ರೆಗ್ಯುಲೇಟರ್ ಆನ್ ಮಾಡಿದೆ. ಅದು ವಾಲ್ವ್ ಮೇಲೆ ಕೂರುವ ಜಾಗದಲ್ಲಿ, ಒಂದೇ ಬದಿಗೆ, ಸಾಸಿವೆಯಷ್ಟು ಗುಳ್ಳೆಗಳು ಒಂದರ ಮೇಲೊಂದು ಮೇಲೆದ್ದವು. ಆಫ್ ಮಾಡಿದರೆ ನಿಂತವು. ಆನ್ ಮಾಡಿದಾಗ ಮಾತ್ರ ಪಿನ್ ಒತ್ತಿಕೊಂಡು ಗ್ಯಾಸ್ ಮೇಲೆ ಬರುವುದರಿಂದ, ತಪ್ಪು ಇರುವುದು ವಾಲ್ವ್ ಬಾಯಿಯೊಳಗಿನ ರಬ್ಬರ್ ವಾಷರಿನಲ್ಲಿ ಅಥವಾ ರೆಗ್ಯುಲೇಟರಿನಲ್ಲಿ. ಪೈಪಿನ ಎರಡೂ ತುದಿ, ಒಲೆಯ ನಾಬ್‌ಗಳ ಹಿಂದೆ ಹಚ್ಚಿದರೂ ಗುಳ್ಳೆ ಬರಲಿಲ್ಲ. ಪೈಪನ್ನು ಬಗ್ಗಿಸಿಯೂ ನೋಡಿದೆ, ನೆಟ್ಟಗಿದ್ದಾಗ ಕಾಣದ ಬಿರುಕು ಬಗ್ಗಿಸಿದರೆ ಬಾಯಿ ಬಿಡುತ್ತದೆ.

ರೆಗ್ಯುಲೇಟರ್ ತೆಗೆದು ನೋಡಿದರೆ ಆ ಕಪ್ಪು ವಾಷರಿನ ಅಂಚಿನಲ್ಲಿ ಉಗುರಿನಿಂದ ಕಿತ್ತ ಹಾಗೆ ಒಂದು ಸೀಳು. ಅದನ್ನು ನಾನು ಪಿನ್ನಿನಿಂದ ಕೆದಕಲಿಲ್ಲ. ಪಕ್ಕದಲ್ಲೇ ವಾಲ್ವಿನ ಪಿನ್ ಇರುತ್ತದೆ, ಅದನ್ನು ಒತ್ತಿದರೆ ಗ್ಯಾಸ್ ನೇರ ಮುಖಕ್ಕೇ ಹಾರುತ್ತದೆ. ಮುಚ್ಚಳ ಹಾಕಿಟ್ಟೆ, ಮೆಕ್ಯಾನಿಕ್ ಬಂದು ತನ್ನ ಸಲಕರಣೆಯಿಂದ ವಾಷರ್ ಬದಲಿಸಿದರು. ಅವರು ಹೋಗುವ ಮುಂಚೆ ಅದೇ ಸೋಪಿನ ನೀರು ಹಚ್ಚಿ, ಆನ್ ಇಟ್ಟು, ಎರಡು ನಿಮಿಷ ಇಬ್ಬರೂ ನೋಡಿದೆವು. ಒಂದೂ ಗುಳ್ಳೆ ಏಳಲಿಲ್ಲ.

ವಾಷರ್ ಸಿಲಿಂಡರಿನ ಜೊತೆಗೇ ಬರುವಂಥದ್ದು, ಹೊಸ ಸಿಲಿಂಡರ್ ಬಂದಾಗಲೆಲ್ಲ ಅದೂ ಬೇರೆಯೇ. ಅದಕ್ಕೇ ಈಗ ತಂದವರು ಹೋಗುವ ಮೊದಲೇ ಮುಚ್ಚಳ ತೆಗೆಸಿ, ವಾಷರ್ ಇದೆಯಾ, ಅಂಚು ಸರಿಯಿದೆಯಾ ನೋಡಿ, ನಾಲ್ಕು ಹನಿ ನೀರು ಬಿಟ್ಟು ಒರೆಸಿ, ರೆಗ್ಯುಲೇಟರ್ ಕೂರಿಸಿ, ಸುತ್ತ ಸೋಪಿನ ನೀರು ಹಚ್ಚಿಯೇ ಕಳಿಸುತ್ತೇನೆ. ಗುಳ್ಳೆ ಕಂಡರೆ ಆ ಸಿಲಿಂಡರ್ ಅವರ ಜೊತೆಗೇ ವಾಪಸ್ ಹೋಗುತ್ತದೆ.