ವಿಎಚ್‌ಎಸ್ ಟೇಪಿನ ಅಲುಗಾಟ ಸರಿಮಾಡುವ ಮೊದಲು

ಮನೆಯ ಹಳೇ ವಿಎಚ್‌ಎಸ್ ದೃಶ್ಯವನ್ನು ಸಾಕ್ಷ್ಯಚಿತ್ರಕ್ಕೆ ಹಾಕುವವರು ಸ್ಟೆಬಿಲೈಸ್ ಮಾಡುವ ಮೊದಲೇ ಡಿಇಂಟರ್‌ಲೇಸ್ ಮಾಡಿ, ಅದೂ ಸೆಕೆಂಡಿಗೆ 50 ಫ್ರೇಮಿಗೆ. ನಮ್ಮ ಕಡೆಯ ಟೇಪುಗಳು ಪಾಲ್ ಪದ್ಧತಿಯವು; ಒಂದೊಂದು ಫ್ರೇಮಿನಲ್ಲೂ ಬೇರೆ ಬೇರೆ ಕ್ಷಣದ ಎರಡು ಅರ್ಧ ಚಿತ್ರಗಳು ಗೆರೆ ಬಿಟ್ಟು ಗೆರೆ ಹೆಣೆದುಕೊಂಡಿರುತ್ತವೆ; ಅವನ್ನು ಬಿಡಿಸುವುದೇ ಡಿಇಂಟರ್‌ಲೇಸ್. ಹಾಗೇ ಸ್ಟೆಬಿಲೈಸ್ ಮಾಡಿದರೆ ಗೆರೆಗಳು ಕಲೆಸಿಹೋಗಿ, ಚಿತ್ರದುರ್ಗದ ಕೋಟೆ ಮೆಟ್ಟಿಲು ಹತ್ತುವ ಅಜ್ಜಿಯ ಸೀರೆ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ಆಮೇಲೆ ಬಿಡಿಸುವುದು ಕಷ್ಟ. ಫ್ರೇಮಿನ ತಳದಲ್ಲಿ ಹರಿದಾಡುವ ಪಟ್ಟಿಯನ್ನೂ ಮೊದಲೇ ಕ್ರಾಪ್ ಮಾಡಿ, ಇಲ್ಲದಿದ್ದರೆ ಸಾಫ್ಟ್‌ವೇರ್ ಅದನ್ನೇ ನೋಡಿ ಲೆಕ್ಕ ತಪ್ಪಬಹುದು. ನಾನಂತೂ ಅಲುಗಾಟ ಪೂರ್ತಿ ತೆಗೆಯುವುದಿಲ್ಲ. ಕ್ಯಾಮೆರಾ ಹಿಡಿದ ಮಾವನ ಏದುಸಿರು ಅದರಲ್ಲೇ ಇರೋದು, ಅಲ್ವಾ? ಆದರೆ ಕಂಬ, ಬಾಗಿಲ ಚೌಕಟ್ಟು ಹಾವಿನಂತೆ ಬಳುಕುತ್ತಿದ್ದರೆ ಸ್ಟೆಬಿಲೈಸ್ ಮಾಡುವುದು ಕೆಲಸಕ್ಕೆ ಬರುವುದಿಲ್ಲ. ಅದು ಕೈ ಅಲುಗಾಟವಲ್ಲ, ಟೇಪ್ ಓಡುವಾಗಿನ ದೋಷ. ಗೆರೆಗಳ ಸಮಯದ ಏರುಪೇರು ಸರಿಪಡಿಸುವ ಟಿಬಿಸಿ ಇರುವ ಪ್ಲೇಯರಿನಲ್ಲಿ ಮತ್ತೆ ಕ್ಯಾಪ್ಚರ್ ಮಾಡಿಸಬೇಕು.